ಕನ್ನಡದ ಬಾಯಿಗೆ ಮಲಯಾಳಂ ಕೂರಿಸಿದ್ದು: ನನ್ನ ಅನುಭವ

ಕನ್ನಡ ಕಿರುಚಿತ್ರಗಳನ್ನು ಮಲಯಾಳಕ್ಕೆ ಡಬ್ ಮಾಡೋದಕ್ಕೆ ಮಾತು ಬರೆಯೋದು ನನ್ನ ಕೆಲಸ. ಕನ್ನಡ-ಮಲಯಾಳಂ ಅಕ್ಕತಂಗಿ ಭಾಷೆ, ಇದ್ದ ಹಾಗೇ ಅನುವಾದ ಮಾಡಿದ್ರೆ ನಟರ ತುಟಿಗೆ ತಾನೇ ಕೂರ್ತದೆ ಅಂತ ಎಲ್ಲರೂ ಹೇಳಿದ್ರು, ಕಾಸರಗೋಡಿನವನಾದ ನಾನೂ ಹಾಗೇ ನಂಬಿದ್ದೆ. ಮೊದಲ ಕಿರುಚಿತ್ರ, 20-22 ನಿಮಿಷದ್ದು, ಸ್ಕ್ರಿಪ್ಟಿಗೆ ಎಂಟು ಸಾವಿರ ರೂಪಾಯಿ ಅಂತ ಮಾತಾಗಿತ್ತು. ಸ್ಟುಡಿಯೋದಲ್ಲಿ ಒಂದು ಸಾಲೂ ಕೂರ್ಲಿಲ್ಲ, ಅಲ್ಲೇ ಕೂತು ತಿದ್ದಿದ್ದಕ್ಕೆ ಹೆಚ್ಚುವರಿ ನಾಲ್ಕೈದು ಗಂಟೆ ಬಾಡಿಗೆ ನನ್ನ ಕೈಯಿಂದಲೇ ಹೋಯ್ತು.

ಆಮೇಲೆ ಗೊತ್ತಾಯ್ತು, ಈ ಹತ್ತಿರದ ಸಂಬಂಧವೇ ಕೈ ಕೊಡೋದು. ನಮ್ಮ ಹಣ ಅವರಿಗೆ ಪಣಂ, ಹೋಗು ಅಂದ್ರೆ ಪೋ: ನಮ್ಮ ಬಾಯಿ ತೆರೆದಿರುವಲ್ಲಿ ಅವರ ತುಟಿ ಮುಚ್ತದೆ. ನಮ್ಮ ಬೇಡ ಅವರಿಗೆ ವೇಂಡ, ಇಲ್ಲಿ ಉಲ್ಟಾ. ಅದರ ಮೇಲೆ ಮರಂ, ಪುಸ್ತಕಂ ಅಂತ ಕೊನೆಯಲ್ಲೊಂದು ಮ್.

ಹಾಗಾಗಿ ಈಗ ನಾನು ಮೊದಲು ಅರ್ಥ ನೋಡೋದೇ ಇಲ್ಲ. ಸೌಂಡ್ ಮ್ಯೂಟ್ ಮಾಡಿ ಕ್ಲೋಸಪ್ಪಲ್ಲಿ ತುಟಿ ಮುಚ್ಚೋ ಜಾಗ ಮಾತ್ರ ಗುರುತು ಹಾಕ್ತೇನೆ, ಆ ಜಾಗಕ್ಕೆ ಪ, ಬ, ಮ ಇರೋ ಶಬ್ದ ಹುಡುಕ್ತೇನೆ, ವಾಕ್ಯ ಆಮೇಲೆ. ಡಬ್ಬಿಂಗ್ ಮಾಡಿಸೋ ಸ್ನೇಹಿತರು ಇದು ಪದಬಂಧ ಬಿಡಿಸಿದ ಹಾಗಾಯ್ತು ಅಂದ್ರು.

ಒಂದು ಸಾಲು ನೋಡಿ. ಅಜ್ಜಿ ಹೇಳೋದು "ನಂಗೆ ಹಣ ಬೇಡ, ಹೊಲ ಬೇಕು". ತುಟಿ ಮುಚ್ಚೋದು ಎರಡೇ ಕಡೆ, ಎರಡೂ ಬೇ. "ಎನಿಕ್ಕ್ ಪಣಂ ವೇಂಡ" ಅಂದ್ರೆ ಪಣಂ ಒಂದರಲ್ಲೇ ಎರಡು ಸಲ ಮುಚ್ಚಿ ಕೆಟ್ಟದಾಗಿ ಕಾಣ್ತದೆ. ಪಣಂ ತೆಗೆದು ಕಾಶ್ ಹಾಕಿದೆ, ಅದರಲ್ಲಿ ತುಟಿಗೆ ಕೆಲಸವೇ ಇಲ್ಲ. ವೇಂಡಕ್ಕೆ ನಮ್ಮೂರಿನ ಮಲಯಾಳವೇ ಸಿಕ್ಕಿತು ಮಾರಾಯ್ರೆ, ಇಲ್ಲಿಯವರು ಬೇಂಡ, ಬೇಣಂ ಅಂತಲೇ ಹೇಳೋದಲ್ವಾ! "ಎನಕ್ಕ್ ಕಾಶ್ ಬೇಂಡ, ಕಂಡಂ ಬೇಣಂ". ಕಂಡಂ ಅಂದ್ರೆ ಗದ್ದೆ, ಅದರ ಕೊನೆಯ ಮ್ ಮುಂದಿನ ಬೇ ಜೊತೆ ಒಂದೇ ಮುಚ್ಚುವಿಕೆಯಲ್ಲಿ ಸೇರಿಹೋಗ್ತದೆ. ಕೊನೆಯ ಣಂ ಮಾತ್ರ ಎರಡು-ಮೂರು ಫ್ರೇಮ್ ತಡ ಮಾಡಿದೆ, ಅಜ್ಜಿ ಮಾತು ಮುಗಿಸಿ ಬಾಯಿ ಮುಚ್ಚೋ ಕಡೆ. ನಮ್ಮದು ಹತ್ತು ಅಕ್ಷರ, ಇದು ಹನ್ನೊಂದು, ಆದ್ರೆ ಕ್ಕ್, ಶ್ ಅರ್ಧ ನುಂಗಿ ಹೇಳೋದರಿಂದ ಉದ್ದ ಸರಿಹೋಯ್ತು.

ಈ ಬೇಂಡ ಎಲ್ಲರ ಬಾಯಿಗೂ ಆಗೋದಿಲ್ಲ. ಅಜ್ಜಿಯ ಮಗ ಬ್ಯಾಂಕ್ ಆಫೀಸರ್, ಅವನಿಗೆ ಹಾಕಿದ್ರೆ ಕೊಚ್ಚಿಯವರು ಒಪ್ಪೋದಿಲ್ಲ. ಊಟದ ಸೀನಲ್ಲಿ ಅವನ "ಬೇಡ"ಕ್ಕೆ "ಮತಿ" ಹಾಕಿದೆ, ಸಾಕು ಅಂತ ಅರ್ಥ, ತುಟಿಯೂ ಸರಿ. ಬೆನ್ನು ಕಾಣೋ ಶಾಟಲ್ಲಿ ತುಟಿಯ ಗೊಡವೆ ಇಲ್ಲ, ಕ್ಲೋಸಪ್ಪಲ್ಲಿ ಬಿಟ್ಟ ಅರ್ಥವನ್ನೆಲ್ಲ ಅಲ್ಲಿ ತುಂಬ್ತೇನೆ. ಹಲ್ಲು ಕಾಣೋ ಹಾಗೆ ನಗ್ತಾ ಮಾತಾಡೋ ಶಾಟಿಗೆ ಬೇರೆ ಉಪಾಯ ಉಂಟು, ಅದು ಸದ್ಯ ನನ್ನ ಹತ್ರವೇ ಇರ್ಲಿ.

ನಡುವೆ ತುಳುವಿನಲ್ಲೂ ಎರಡು ಸೀನ್ ಮಾಡಿ ನೋಡಿದೆ. ಅಲ್ಲಿ ಬೇಕು, ಬೇಡಕ್ಕೆ ಬೋಡು, ಬೊಡ್ಚಿ, ಬ ಹಾಗೇ ಸಿಗ್ತದೆ, ಹೋಗು ಬಂದಲ್ಲಿ ಮಾತ್ರ ಪೋ ಆಗಿ ಪ ಕಾಟ.

ಎರಡನೇ ಚಿತ್ರ ಹೆಚ್ಚುಕಮ್ಮಿ ಅಷ್ಟೇ ಉದ್ದದ್ದು, ಸ್ಟುಡಿಯೋ ಕೆಲಸ ಮೂರು ಗಂಟೆಯಲ್ಲಿ ಮುಗೀತು, ಹನ್ನೆರಡು ಸಾವಿರ ಕೇಳಿದೆ, ಚೌಕಾಸಿ ಇಲ್ಲದೆ ಕೊಟ್ರು. ಪದಬಂಧ ಅಂದ ಸ್ನೇಹಿತರೇ ಮೂರನೆಯದನ್ನು ಕಳಿಸಿದ್ದಾರೆ.