ಎಡಿಟರ್‌ಗೆ ನಾನು ಬರೆದು ಕೊಡುವ ಶೀಟ್: ಒಂದು ಪರಿಷೆ ವಿಡಿಯೊ ಕಥೆ

ಬಸವನಗುಡಿಯ ಕಡಲೆಕಾಯಿ ಪರಿಷೆ ಮೇಲೆ ಎಂಟು ನಿಮಿಷದ ವಿಡಿಯೊ. ಶೂಟ್ ನನ್ನದು, ಎಡಿಟ್ ಹೊರಗಡೆ. ಎಡಿಟರ್ ಹುಡುಗ ಇರುವುದು ಯಲಹಂಕದಲ್ಲಿ, ನಾನು ಜೆ.ಪಿ. ನಗರದಲ್ಲಿ. ಈ ಟ್ರಾಫಿಕ್‌ನಲ್ಲಿ ಹೋಗಿ ಪಕ್ಕದಲ್ಲಿ ಕೂತು ಮಾಡಿಸುವ ಮಾತೇ ಇಲ್ಲ, ಹಾಗಾಗಿ ಹೇಳಬೇಕಾದ್ದೆಲ್ಲ ಒಂದೇ ಶೀಟ್‌ನಲ್ಲಿ ಇರಬೇಕು. ವಾಯ್ಸ್ ನೋಟ್ ನಾನು ಕಳಿಸುವುದೇ ಇಲ್ಲ. ಮಧ್ಯರಾತ್ರಿ ಕೆಲಸ ಮಾಡುವವನು "ತೂಕದ ಶಾಟ್ ಬಗ್ಗೆ ಅಣ್ಣ ಏನೋ ಹೇಳಿದ್ರಲ್ಲ" ಅಂತ ಎಲ್ಲವನ್ನೂ ಮತ್ತೆ ಕೇಳುತ್ತಾ ಕೂರಬೇಕಾ?

ಶೀಟ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಟೈಮ್‌ಸ್ಟ್ಯಾಂಪ್. ಸುಮ್ನೆ "2:10" ಅಂತ ಬರೆದರೆ ಆಗಲ್ಲ. ನನ್ನ ಕ್ಯಾಮೆರಾದ ಟೈಮ್‌ಕೋಡ್ ಒಂದು ಕ್ಲಿಪ್ ಮುಗಿದಲ್ಲಿಂದಲೇ ಮುಂದಿನದಕ್ಕೆ ಎಣಿಕೆ ಮುಂದುವರಿಸುತ್ತದೆ. ಅಂದರೆ ಸಾಮಾನ್ಯ ಪ್ಲೇಯರ್‌ನಲ್ಲಿ ನನಗೆ 2:10 ಕಾಣುವ ಜಾಗ, ಅವನ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಗಂಟೆ ಹದಿನಾಲ್ಕು ನಿಮಿಷ ಅಂತ ಬೇಕಾದರೂ ತೋರಿಸಬಹುದು. ಅದಕ್ಕೇ ಶೀಟ್‌ನ ಮೇಲೆಯೇ "ಎಲ್ಲ ಸಮಯವೂ ಆಯಾ ಕ್ಲಿಪ್‌ನ ಶುರುವಿನಿಂದ" ಅಂತ ಬರೆದಿಡುತ್ತೇನೆ. ಫೈಲ್ ಹೆಸರು, ಸಮಯ, ಜೊತೆಗೆ ಮೊದಲ ಮಾತು ಮತ್ತು ಕೊನೆಯ ಮಾತು. ಹೀಗೆ:

C0014, 2:10ರಿಂದ 2:32. ಶುರು: "ಎಲ್ರೂ ಕೇಳ್ತಾರೆ". ಕೊನೆ: "ಚಿಂತಾಮಣಿದು". ಮಾತು ನಡೆಯುವಾಗ ಮೇಲೆ C0021ರ ಕಾಯಿ ರಾಶಿ ಬರಲಿ.

ಕೊನೆಯ ಮಾತು ಬರೆಯುವುದಕ್ಕೆ ಕಾರಣ ಇದೆ. ವ್ಯಾಪಾರಿ ಹೇಳಿದ್ದು "ಇದು ಮಾಗಡಿ ಕಾಯಿ..." ಅಂತ, ಒಂದು ಕ್ಷಣ ನಿಂತು ರಾಶಿಗೆ ಕೈ ಹಾಕಿ, ಆಮೇಲೆ "...ಅಲ್ಲ ಸಾರ್, ಚಿಂತಾಮಣಿದು". ಮೌನ ಇದ್ದ ಕಡೆಯಲ್ಲೆಲ್ಲ ಕತ್ತರಿಸುವ ಅಭ್ಯಾಸದವರು ಇದನ್ನು "ಮಾಗಡಿ ಕಾಯಿ"ಗೇ ನಿಲ್ಲಿಸಿಬಿಟ್ಟರೆ ಆ ಮನುಷ್ಯ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಆಗುತ್ತದೆ. ನಮ್ಮ ಭಾಷೆಯಲ್ಲಿ ಅಲ್ಲ, ಇಲ್ಲ, ಬೇಡ ಎಲ್ಲ ಸಾಲಿನ ಕೊನೆಯಲ್ಲೇ ತಾನೇ ಬರುವುದು. ಇಂಥ ಜಾಗದಲ್ಲಿ "ಮಧ್ಯದ ಮೌನ ಇರಲಿ" ಅಂತ ಬೇರೆಯಾಗಿ ಬರೆಯುತ್ತೇನೆ.

ರೆಫರೆನ್ಸ್ ಕ್ಲಿಪ್ ವಿಷಯಕ್ಕೆ ಬಂದರೆ, ಹತ್ತು ಲಿಂಕ್ ಕಳಿಸಿ "ಈ ಥರ ಬೇಕು" ಅನ್ನುವುದು ಕೆಲಸಕ್ಕೆ ಬಾರದ್ದು. ಯಾವ ಥರ? ಬಣ್ಣವಾ, ಹಾಡಾ, ಕಟ್‌ಗಳ ವೇಗವಾ? ನಾನು ಎರಡೇ ಕಳಿಸಿದೆ. ಒಂದರ ಮುಂದೆ "0:40ರಿಂದ 0:55 ಮಾತ್ರ ನೋಡು. ಮಾತು ಶುರುವಾಗುವ ಮೊದಲೇ ಮುಂದಿನ ಜಾಗದ ಸದ್ದು ಕೇಳಿಸುತ್ತದಲ್ಲ, ಅದು ಬೇಕು. ಬಣ್ಣ ಬೇಡ, ಮ್ಯೂಸಿಕ್ ಬೇಡ" ಅಂತ ಬರೆದಿದ್ದೆ. ಇನ್ನೊಂದು ಬೇಡದ್ದರ ಮಾದರಿ: ಪ್ರತಿ ಮಾತಿಗೂ ಮುಖದ ಮೇಲೆ ಜೂಮ್ ಆಗುವ ವಿಡಿಯೊ. ಬೇಡದ್ದನ್ನು ತೋರಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ, ನನ್ನ ಮಟ್ಟಿಗೆ ಇದು ಮೊದಲನೆಯದಕ್ಕಿಂತ ಉಪಯೋಗ.

ಮಾಡು, ಮಾಡಬೇಡ ಪಟ್ಟಿ ಚಿಕ್ಕದಿರಬೇಕು, ನೋಡಿದ ತಕ್ಷಣ ಆಗಿದೆಯೋ ಇಲ್ಲವೋ ಗೊತ್ತಾಗುವಂತಿರಬೇಕು. "ಚೆನ್ನಾಗಿರಲಿ" ಅಂತ ಬರೆದರೆ ಅವನು ಪಾಪ ಏನು ಮಾಡಿಯಾನು? ಪರಿಷೆಯಲ್ಲಿ ಮೈಕ್‌ಸೆಟ್‌ನಿಂದ ಸಿನಿಮಾ ಹಾಡು ಬರುತ್ತಲೇ ಇತ್ತು, ಅದು ಆಡಿಯೊದಲ್ಲಿ ಉಳಿದರೆ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬೀಳಬಹುದು. ಹಾಗಾಗಿ "C0017, C0019: ದೃಶ್ಯ ಬಳಸು, ಸದ್ದು ತೆಗೆ, C0030ರ ಜನಜಂಗುಳಿ ಸದ್ದು ಹಾಕು". ಸುಮ್ನೆ "ಹಾಡು ಬೇಡ" ಅಂದಿದ್ದರೆ ಎರಡು ಒಳ್ಳೆಯ ಶಾಟ್ ಹೋಗುತ್ತಿದ್ದವು.

ನಮ್ಮವರಿಗೆ ಇರುವ ಇನ್ನೊಂದು ತಲೆನೋವು, ಪರದೆ ಮೇಲಿನ ಕನ್ನಡ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಟ್ಟರೆ ಅವನ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹಾಗಾಗಿ ಯೂನಿಕೋಡ್‌ನಲ್ಲೇ ಕೊಡಬೇಕು. ಅದಾದ ಮೇಲೂ ಒತ್ತಕ್ಷರ ಬೇರೆ ಬೇರೆಯಾಗಿ ಬಿದ್ದಿದ್ದರೆ ಅವನ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ South Asian and Middle Eastern ಆರಿಸಿದೆಯಾ ನೋಡು ಅಂತ ಶೀಟ್‌ನಲ್ಲೇ ಹಾಕಿದ್ದೇನೆ. ಪರೀಕ್ಷೆಗೆ ಅಂತ "ಬಸವನಗುಡಿ" ಕೊಡಬೇಡಿ, ಅದರಲ್ಲಿ ಒತ್ತೇ ಇಲ್ಲ. "ಕಾರ್ತಿಕ", "ದೊಡ್ಡ ಗಣಪತಿ" ಕೊಡಿ.

ಪೂರ್ತಿ ಎಡಿಟ್‌ಗೆ ಮೊದಲು ಒಂದು ನಿಮಿಷದ ಸ್ಯಾಂಪಲ್ ಕೇಳುತ್ತೇನೆ, ಓಡುವ ಟೈಮ್‌ಕೋಡ್ ಮೂಲೆಯಲ್ಲಿ ಅಂಟಿಸಿ. ಆಮೇಲೆ ಬರುವ ಪ್ರತಿ ಡ್ರಾಫ್ಟ್‌ಗೂ ಹಾಗೇ. ಈಗ ಸಮಯ ಹೇಳುವುದು ಕ್ಲಿಪ್‌ನದ್ದಲ್ಲ, ಡ್ರಾಫ್ಟ್‌ನದ್ದು, ಹಾಗಾಗಿ ಪ್ರತಿ ಕಾಮೆಂಟ್ ಮುಂದೆ ಅದು ಎಷ್ಟನೇ ಡ್ರಾಫ್ಟ್ ಅಂತ "ವಿ1" "ವಿ2" ಇರಲೇಬೇಕು. ವಿ1ರಲ್ಲಿ ಮೊದಲ ನಿಮಿಷದಿಂದ ಆರು ಸೆಕೆಂಡ್ ತೆಗೆಸಿದರೆ ಅದರ ನಂತರದ ಸಮಯವೆಲ್ಲ ವಿ2ರಲ್ಲಿ ಆರು ಸೆಕೆಂಡ್ ಹಿಂದೆ ಸರಿದಿರುತ್ತದೆ.