ಬಿಟ್ಟು ಹೋದವರಿಗೆ ಫೋನ್ ಮಾಡಿ ಕೇಳಿದ್ದು

ಮೈಸೂರಿನಲ್ಲಿ ನಾವು ವಾರಕ್ಕೊಮ್ಮೆ ತರಕಾರಿ ಬಾಕ್ಸ್ ಮನೆಗೆ ತಲುಪಿಸುತ್ತೇವೆ. ತಿಂಗಳ ಹಣ ಯುಪಿಐ ಆಟೋಪೇನಲ್ಲಿ ತಾನಾಗೇ ಕಟ್ ಆಗುತ್ತದೆ. ನಿಲ್ಲಿಸುವವರಿಗೆ ಒಂದು ಚಿಕ್ಕ ಫಾರಂ ಇದೆ. ಅದರಲ್ಲಿ ಬಹಳ ಜನ ‘ಬೆಲೆ ಜಾಸ್ತಿ’ ಎಂದು ಟಿಕ್ ಹಾಕುತ್ತಿದ್ದರು. ಬೆಲೆ ಇಳಿಸುವ ಮುಂಚೆ ಅವರ ಹತ್ತಿರವೇ ಮಾತಾಡೋಣ ಅಂತ ನಾನು ಫೋನ್ ಮಾಡಲು ಶುರು ಮಾಡಿದೆ.

ನಿಲ್ಲಿಸಿದ ಎರಡು-ಮೂರು ದಿನದೊಳಗೆ ಮಾತಾಡಿಬಿಡಬೇಕು. ತಡವಾದರೆ ಜನ ವಿವರ ಮರೆತಿರುತ್ತಾರೆ, ನೆನಪಿಗೆ ಬಂದದ್ದೊಂದು ಕಾರಣ ಹೇಳುತ್ತಾರೆ. ಮೊದಲ ಮಾತಲ್ಲೇ ಹೇಳಿಬಿಡುತ್ತೇನೆ: ‘ಮತ್ತೆ ಸೇರಿ ಅಂತ ಕೇಳೋಕೆ ಫೋನ್ ಮಾಡಿಲ್ಲ, ಹತ್ತು ನಿಮಿಷ ಸಾಕು.’ ಆ ಮಾತಿಗೆ ತಪ್ಪಬಾರದು. ಮಧ್ಯದಲ್ಲಿ ಡಿಸ್ಕೌಂಟ್ ವಿಷಯ ತೆಗೆದರೆ ಅವರು ತಪ್ಪಿಸಿಕೊಳ್ಳಲು ನೋಡುತ್ತಾರೆ, ನಿಜ ಹೊರಗೆ ಬರುವುದಿಲ್ಲ.

‘ಯಾಕೆ ಬಿಟ್ಟಿರಿ?’ ಎಂದು ನಾನು ಕೇಳುವುದಿಲ್ಲ. ಅದಕ್ಕೆ ಎದುರಿನವರಿಗೆ ನೋವಾಗದಂಥ ಉತ್ತರವೇ ಬರುತ್ತದೆ. ‘ಇದು ಬೇಡ ಅಂತ ಮೊದಲು ಅನ್ನಿಸಿದ್ದು ಯಾವಾಗ? ಆಗ ಮನೇಲಿ ಏನು ನಡೀತಿತ್ತು?’ ಎಂದು ಕೇಳುತ್ತೇನೆ. ಆಮೇಲೆ, ‘ಈಗ ತರಕಾರಿ ಎಲ್ಲಿಂದ ತರ್ತೀರಿ?’ ಅಷ್ಟೇ. ಅವರು ಮಾತು ನಿಲ್ಲಿಸಿದರೂ ನಾನು ತಕ್ಷಣ ಬಾಯಿ ಹಾಕುವುದಿಲ್ಲ. ಎಷ್ಟೋ ಸಲ ಒಳ್ಳೆಯ ವಿಷಯ ಬರುವುದು ಆ ಬಿಡುವಿನ ನಂತರವೇ.

ಕುವೆಂಪುನಗರದ ಒಬ್ಬ ಅಜ್ಜಿಯ ಮಾತು ಹೇಳುತ್ತೇನೆ. ಫಾರಂನಲ್ಲಿ ಅವರದ್ದೂ ‘ಬೆಲೆ ಜಾಸ್ತಿ’. ಯಾವಾಗಿನಿಂದ ಅಂತ ಕೇಳಿದಾಗ ದೀಪಾವಳಿಯ ಹೊತ್ತಿನದು ನೆನಪಾಯಿತು. ಮಗಳ ಮನೆಗೆ ಹುಬ್ಬಳ್ಳಿಗೆ ಹೋಗಿದ್ದರು. ವಾಪಸ್ ಬಂದಾಗ ಬಾಗಿಲ ಹತ್ತಿರ ಬಾಕ್ಸ್ ವಾಸನೆ ಬರುತ್ತಿತ್ತು. ‘ಆಮೇಲೂ ತಗೊಂಡೆ ಕಣಪ್ಪ. ಆದ್ರೆ ನಾವಿಬ್ಬರೇ ಇರೋದು. ವಾರಾವಾರ ಸೊಪ್ಪು ಕೊಳೆತು ಎಸೀಬೇಕು, ಅನ್ನ ಎಸೆದಷ್ಟು ಸಂಕಟ ಆಗುತ್ತೆ,’ ಅಂದರು. ಕೊನೆಗೆ ನಿಲ್ಲಿಸಿದ್ದು ದುಡ್ಡು ಕಟ್ ಆಗುತ್ತೆ ಎಂಬ ಮೆಸೇಜ್ ಬಂದ ದಿನ. ಆಟೋಪೇ ಹಣ ತೆಗೆಯುವ 24 ಗಂಟೆ ಮುಂಚೆಯಾದರೂ ತಿಳಿಸಬೇಕೆಂಬ ನಿಯಮವಿದೆ. ಮೆಸೇಜ್ ನೋಡಿದರು, ಫ್ರಿಜ್ಜಿನಲ್ಲಿ ಬಾಡಿದ ಸೊಪ್ಪು ನೆನಪಾಯಿತು, ನಿಲ್ಲಿಸಿದರು. ಅರ್ಧ ಬಾಕ್ಸ್ ಕಸಕ್ಕೆ ಹೋಗುವ ಮನೆಗೆ ಯಾವ ಬೆಲೆಯೂ ಜಾಸ್ತಿಯೇ ಅಲ್ವಾ? ನಾವು ಹತ್ತು ಪರ್ಸೆಂಟ್ ಇಳಿಸಿದ್ದರೂ ಅವರು ಉಳಿಯುತ್ತಿರಲಿಲ್ಲ.

ಪ್ರತಿ ಫೋನ್ ಆದಮೇಲೆ ಒಂದು ಶೀಟಿನಲ್ಲಿ ಮೂರು ಕಾಲಂ ತುಂಬುತ್ತೇನೆ: ಫಾರಂನಲ್ಲಿ ಹೇಳಿದ್ದು, ಮೊದಲು ಬೇಸರವಾದ ಘಟನೆ, ನಿಲ್ಲಿಸಿದ ದಿನ ಆದದ್ದು. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆಯುತ್ತೇನೆ. ಗುಂಪು ಮಾಡುವುದು ಮಧ್ಯದ ಕಾಲಂ ನೋಡಿ. ಹಾಗೆ ಜೋಡಿಸಿದಾಗ ‘ಬೆಲೆ ಜಾಸ್ತಿ’ ಎಂದವರು ಚದುರಿ ಹೋದರು. ಹೆಚ್ಚಿನವರು ಇಬ್ಬರೇ ಇರುವ ಮನೆಯವರು, ಇಲ್ಲವೇ ಊರಿಗೆ ಹೋಗಿ ಬಂದವರು.

ಇಷ್ಟು ಕಡಿಮೆ ಜನರ ಮಾತಿನಿಂದ ಪರ್ಸೆಂಟ್ ಲೆಕ್ಕ ಹಾಕಬಾರದು. ಫೋನ್ ಎತ್ತದವರ ಕಥೆ ಬೇರೆಯೇ ಇರಬಹುದು. ಅದಕ್ಕೇ ಆರ್ಡರ್ ದಾಖಲೆ ತೆಗೆದು, ಫೋನ್ ಎತ್ತದವರೂ ಸೇರಿ ಎಲ್ಲರದ್ದೂ ನೋಡಿದೆ. ದಸರಾ, ದೀಪಾವಳಿ, ಬೇಸಿಗೆ ರಜೆ ಮುಗಿದ ಮೇಲಿನ ವಾರಗಳಲ್ಲೇ ನಿಲ್ಲಿಸುವವರು ಜಾಸ್ತಿ ಇದ್ದರು. ಮಾತು ಮತ್ತು ದಾಖಲೆ ಒಂದೇ ಕಡೆ ತೋರಿಸಿದ ಮೇಲೆಯೇ ಬದಲಾವಣೆಗೆ ಕೈ ಹಾಕಿದ್ದು.

ಇಬ್ಬರಿಗೆ ಸಾಕಾಗುವ ಚಿಕ್ಕ ಬಾಕ್ಸ್ ತಂದೆವು, ಸೊಪ್ಪು ಒಂದೇ ಕಟ್ಟು. ಬಾಕ್ಸ್ ಬರುವ ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ ‘ಈ ವಾರ ಬೇಕಾ?’ ಎಂದು ಕೇಳುತ್ತೇವೆ. ಬೇಡ ಅಂದರೆ ಆ ವಾರದ ಹಣ ಮುಂದಕ್ಕೆ ಸೇರುತ್ತದೆ. ಎರಡು ದಿನ ಯಾಕೆಂದರೆ ರೈತರಿಗೆ ಎಷ್ಟು ಕೊಯ್ಯಬೇಕು ಅಂತ ಮುಂಚೆಯೇ ಹೇಳಬೇಕು.

ಇದನ್ನು ಅಳೆಯುವಾಗ ಒಂದು ಕಡೆ ಎಚ್ಚರ ಬೇಕು. ‘ಈ ವಾರ ಬೇಡ’ ಎಂಬ ಸೌಲಭ್ಯ ಕೊಟ್ಟ ತಕ್ಷಣ ನಿಲ್ಲಿಸುವವರ ಸಂಖ್ಯೆ ಇಳಿದಂತೆ ಕಾಣುತ್ತದೆ. ಆದರೆ ಕೆಲವರು ನಿಲ್ಲಿಸದೆ, ಸುಮ್ನೆ ಬೇಡ ಬೇಡ ಅನ್ನುತ್ತಾ ಜಾರಿ ಹೋಗಿರುತ್ತಾರೆ. ನಾಲ್ಕು ವಾರ ಸತತ ಬೇಡ ಎಂದವರನ್ನು ನಾವು ಬಿಟ್ಟವರೆಂದೇ ಲೆಕ್ಕ ಹಾಕಿ ಫೋನ್ ಮಾಡುತ್ತೇವೆ. ಒಂದೇ ತಿಂಗಳಲ್ಲಿ ಸೇರಿದವರಲ್ಲಿ ಎಂಟನೇ ಬಾಕ್ಸ್ ತಗೊಂಡವರು ಎಷ್ಟು ಎಂದು ನೋಡಿ, ಬದಲಾವಣೆಗೆ ಮುಂಚೆ ಸೇರಿದವರ ಜೊತೆ ಹೋಲಿಸುತ್ತೇವೆ. ಹಬ್ಬದ ತಿಂಗಳನ್ನು ಹಬ್ಬದ ತಿಂಗಳಿಗೇ ಹೋಲಿಸಬೇಕು. ಚಿಕ್ಕ ಬಾಕ್ಸಿನ ಮನೆಗಳು ಈಗ ಮೊದಲಿಗಿಂತ ಜಾಸ್ತಿ ಉಳಿಯುತ್ತಿವೆ, ಆದರೆ ಒಂದೊಂದು ಮನೆಯಿಂದ ಬರುವ ಹಣ ಕಡಿಮೆ. ತಲುಪಿಸುವ ಆಟೋ ಖರ್ಚು ಮಾತ್ರ ದೊಡ್ಡ ಬಾಕ್ಸಿಗೂ ಚಿಕ್ಕದಕ್ಕೂ ಅಷ್ಟೇ. ಹಾಗಾಗಿ ಒಂದೇ ಬೀದಿಯಲ್ಲಿ ಮೂರು-ನಾಲ್ಕು ಮನೆ ಸಿಗುವ ಕಡೆ ಮಾತ್ರ ಚಿಕ್ಕ ಬಾಕ್ಸ್ ಕೊಡುತ್ತಿದ್ದೇವೆ.

ದೇವರಾಜ ಮಾರ್ಕೆಟ್‌ಗೆ ಹೋಗಿ ಬೆಂಡೆಕಾಯಿ ತುದಿ ಮುರಿದು ನೋಡಿಯೇ ತರಬೇಕು ಎನ್ನುವವರೂ ಸಿಕ್ಕಿದರು. ಶೀಟಿನಲ್ಲಿ ಅವರ ಸಾಲನ್ನು ಬೇರೆ ಇಟ್ಟಿದ್ದೇನೆ. ಅವರಿಗಾಗಿ ನಾವು ಏನನ್ನೂ ಬದಲಿಸುವುದಿಲ್ಲ.