ಗಾಳಿ ಬಿಸಿಯಾಯಿತು, ಎಂಟ್ರೊಪಿ ಇಳಿಯಿತು: ಒಂದು ಪಿಸ್ಟನ್ ಸಿಲಿಂಡರ್ ಲೆಕ್ಕ

ಲೆಕ್ಕ ಇಷ್ಟೇ. ಪಿಸ್ಟನ್ ಇರುವ ಸಿಲಿಂಡರಿನಲ್ಲಿ 0.1 ಕೆ.ಜಿ. ಗಾಳಿ ಇದೆ. ಮೊದಲಿಗೆ ಅದರ ಒತ್ತಡ 100 ಕಿಲೋಪಾಸ್ಕಲ್, ತಾಪಮಾನ 27 ಡಿಗ್ರಿ. ಪಿಸ್ಟನ್ ಒತ್ತಿ ಅದನ್ನು 500 ಕಿಲೋಪಾಸ್ಕಲ್, 127 ಡಿಗ್ರಿಗೆ ತಂದಿದ್ದಾರೆ. ಗಾಳಿಯನ್ನು ಆದರ್ಶ ಅನಿಲವೆಂದು ಹಿಡಿದು ಎಂಟ್ರೊಪಿ ಎಷ್ಟು ಬದಲಾಯಿತು ಹೇಳಬೇಕು.

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳಲ್ಲಿ ಕಂಪ್ರೆಸರ್ ರಿಪೇರಿ ಮಾಡುವುದು ನನ್ನ ಹಗಲಿನ ಕೆಲಸ. ಅಕ್ಕಿಯಲ್ಲಿರುವ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯಿಂದ ಹೊಡೆದು ಬೀಳಿಸುವ ಸಾರ್ಟೆಕ್ಸ್ ಮಷಿನ್ನಿಗೆ ಕಂಪ್ರೆಸರ್ ಇಲ್ಲದೆ ನಡೆಯುವುದಿಲ್ಲ. ಸಂಜೆ ಡಿಪ್ಲೊಮಾ ಮತ್ತು ಬಿ.ಇ. ಹುಡುಗರಿಗೆ ಥರ್ಮೋಡೈನಾಮಿಕ್ಸ್ ಹೇಳಿಕೊಡುತ್ತೇನೆ. ಮೇಲಿನ ಲೆಕ್ಕವನ್ನು ನಾನು ಬೇಕೆಂದೇ ಮೊದಲ ವಾರದಲ್ಲಿ ಕೊಡುತ್ತೇನೆ. ಉತ್ತರ ಬಂದ ಕೂಡಲೇ ಯಾರಾದರೊಬ್ಬರು ತಲೆ ಎತ್ತುತ್ತಾರೆ. ಹೋದ ಬ್ಯಾಚಿನಲ್ಲಿ ಸಿರುಗುಪ್ಪದ ಹುಡುಗನೊಬ್ಬ ಕೇಳಿದ್ದು ಹೀಗೆ: "ಸರ, ಗಾಳಿ ಬಿಸಿ ಆಗೇತಲ್ರಿ. ಬಿಸಿ ಆದಮ್ಯಾಲ ಎಂಟ್ರೊಪಿ ಏರಬೇಕಲ್ರಿ, ಮೈನಸ್ ಹೆಂಗ ಬಂತು?"

ಆ ಪ್ರಶ್ನೆ ಬರಲಿ ಎಂದೇ ನಾನು ಕಾಯುವುದು. ಮೊದಲು ಮೈನಸ್ ಬಂದದ್ದು ಹೇಗೆ ಎಂದು ನೋಡೋಣ.

ಆದರ್ಶ ಅನಿಲದ ಎಂಟ್ರೊಪಿಗೆ ಎರಡು ಪಾಲು. ತಾಪಮಾನ ಏರಿದರೆ ಅದು ಏರುತ್ತದೆ, ಒತ್ತಡ ಏರಿದರೆ ಇಳಿಯುತ್ತದೆ. ತಾಪಮಾನಕ್ಕೆ 273 ಕೂಡಿಸಿ ಕೆಲ್ವಿನ್ ಮಾಡಿಕೊಂಡು ಪ್ರತಿ ಕೆ.ಜಿ.ಗೆ ಬರೆದರೆ:

```
Δs = cp ln(T2/T1) − R ln(P2/P1)
   = 1.005 ln(400/300) − 0.287 ln(500/100)
   = 0.2891 − 0.4619
   = −0.1728 kJ/kg·K
```

ಗಾಳಿ 0.1 ಕೆ.ಜಿ. ಇರುವುದರಿಂದ ಒಟ್ಟು ಬದಲಾವಣೆ ಕೆಲ್ವಿನ್‌ಗೆ ಮೈನಸ್ 17.28 ಜೂಲ್. ಬಿಸಿಯಾದದ್ದರಿಂದ ಬಂದ ಏರಿಕೆಯನ್ನು ಒತ್ತಿದ್ದರಿಂದ ಬಂದ ಇಳಿಕೆ ನುಂಗಿ ಹಾಕಿದೆ. ತಾಪಮಾನ ಏರಿದ್ದು ಒಂದೂ ಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಒತ್ತಡ ಏರಿದ್ದು ಐದು ಪಟ್ಟು.

ಇಲ್ಲಿಗೇ ಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ಹುಡುಗನ ಅನುಮಾನ ಮಾತ್ರ ಹಾಗೇ ಉಳಿಯುತ್ತದೆ. ಅವನ ಮನಸ್ಸಿನಲ್ಲಿ ಬಿಸಿಯಾಗುವುದೂ ಶಾಖ ಒಳಗೆ ಬರುವುದೂ ಒಂದೇ ಆಗಿ ಕೂತಿದೆ. ಒಲೆ ಹಚ್ಚಿದರೆ ಎರಡೂ ಒಟ್ಟಿಗೇ ನಡೆಯುವುದು ನಿಜ. ಸಿಲಿಂಡರಿನಲ್ಲಿ ಬಿಸಿ ಮಾಡಲು ಒಲೆಯೇ ಬೇಕಿಲ್ಲ, ಪಿಸ್ಟನ್ ಒತ್ತಿದರೆ ಸಾಕು. ಹಾಗಾಗಿ ಬೋರ್ಡಿನ ಮೇಲೆ ನಾನು ಮುಂದೆ ಕೇಳುವ ಪ್ರಶ್ನೆ ಬೇರೆ: ಶಾಖ ಒಳಗೂ ಬರದಂತೆ ಹೊರಗೂ ಹೋಗದಂತೆ, ಘರ್ಷಣೆ ಇಲ್ಲದೆ, ಇದೇ ಗಾಳಿಯನ್ನು 100ರಿಂದ 500 ಕಿಲೋಪಾಸ್ಕಲ್‌ಗೆ ಒತ್ತಿದ್ದರೆ ಅದು ಎಷ್ಟು ಬಿಸಿಯಾಗುತ್ತಿತ್ತು? ಎಂಟ್ರೊಪಿ ಬದಲಾಗದ ಒತ್ತುವಿಕೆ ಅದು. ಮೇಲಿನ ಸೂತ್ರದಲ್ಲಿ ಎಡಗಡೆ ಸೊನ್ನೆ ಇಟ್ಟರೆ ತಾಪಮಾನ ಸಿಗುತ್ತದೆ.

```
T = 300 × 5^(0.287/1.005) ≈ 475 K
```

ಅಂದರೆ ಸುಮಾರು 202 ಡಿಗ್ರಿ. ನಮ್ಮ ಗಾಳಿ ಮುಟ್ಟಿದ್ದು 127 ಡಿಗ್ರಿ ಮಾತ್ರ. ಒತ್ತಿದ್ದಕ್ಕೇ 202ಕ್ಕೆ ಹೋಗಬೇಕಾಗಿದ್ದ ಗಾಳಿ 127ರಲ್ಲಿ ನಿಂತಿದೆ ಎಂದರೆ ದಾರಿಯಲ್ಲಿ ಅದು ಶಾಖ ಕಳೆದುಕೊಂಡಿದೆ. ಇಷ್ಟು ಹೇಳಿದ ಮೇಲೆ ಮೈನಸ್ ಚಿಹ್ನೆಗೆ ಬೇರೆ ವಿವರಣೆ ಬೇಡ. ಮಿಲ್ಲಿನ ಕಂಪ್ರೆಸರಿನ ಸಿಲಿಂಡರ್ ತಲೆಯ ಸುತ್ತ ಎರಕದ ರೆಕ್ಕೆಗಳನ್ನು ಯಾಕೆ ಬಿಟ್ಟಿರುತ್ತಾರೆ, ಫ್ಲೈವೀಲಿನ ಅರಗಳನ್ನು ಫ್ಯಾನಿನ ಹಾಗೆ ಯಾಕೆ ತಿರುಚಿರುತ್ತಾರೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಆ ರೆಕ್ಕೆಗಳ ನಡುವೆ ತೌಡಿನ ಧೂಳು ಎಣ್ಣೆ ಜೊತೆ ಸೇರಿ ಗಟ್ಟಿಯಾಗಿ ಕೂತಿದ್ದರೆ ಶಾಖ ಹೊರಗೆ ಹೋಗದು. ಅದೇ ಒತ್ತಡಕ್ಕೆ ಗಾಳಿ ಇನ್ನಷ್ಟು ಬಿಸಿಯಾಗಿ ಹೊರಬರುತ್ತದೆ.

ಎಷ್ಟು ಶಾಖ ಹೋಯಿತು ಎಂಬುದು ಮುಂದಿನ ಮಾತು. ಲೆಕ್ಕ ಕೊಟ್ಟವರು ಅದನ್ನು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಎಂಟ್ರೊಪಿಗೆ ಎಲ್ಲಿ ಹೊರಟಿತು, ಎಲ್ಲಿ ಮುಟ್ಟಿತು ಎಂಬುದಷ್ಟೇ ಸಾಕು. ಶಾಖಕ್ಕೆ ದಾರಿಯೂ ಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಹುಡುಗರು ತಲೆ ಆಡಿಸಿ ಮರೆಯುತ್ತಾರೆ. ಆದ್ದರಿಂದ ಎರಡು ದಾರಿಗಳನ್ನು ಪೂರ್ತಿ ಲೆಕ್ಕ ಮಾಡಿಸುತ್ತೇನೆ.

ಮೊದಲ ದಾರಿಯಲ್ಲಿ ಒತ್ತಡ 100ರಲ್ಲೇ ಇರುವಂತೆ ಗಾಳಿಯನ್ನು 400 ಕೆಲ್ವಿನ್‌ವರೆಗೆ ಬಿಸಿ ಮಾಡು, ಆಮೇಲೆ ತಾಪಮಾನ 400ರಲ್ಲೇ ಇರುವಂತೆ ನಿಧಾನ ಒತ್ತು. ಬಿಸಿ ಮಾಡುವಾಗ 10.05 ಕಿಲೋಜೂಲ್ ಶಾಖ ಒಳಗೆ ಬರುತ್ತದೆ. ಒತ್ತುವಾಗ 18.48 ಕಿಲೋಜೂಲ್ ಹೊರಗೆ ಹೋಗುತ್ತದೆ. ಲೆಕ್ಕ ತೀರಿಸಿದರೆ 8.43 ಕಿಲೋಜೂಲ್ ಹೊರಗೆ. ಸೂತ್ರದ ಎರಡು ಪಾಲುಗಳು ಈ ಎರಡು ಹೆಜ್ಜೆಗಳೇ. ಬಿಸಿ ಮಾಡಿದ್ದಕ್ಕೆ ಪ್ಲಸ್ 0.2891, ಒತ್ತಿದ್ದಕ್ಕೆ ಮೈನಸ್ 0.4619.

ಎರಡನೆಯ ದಾರಿಯಲ್ಲಿ ಹೆಜ್ಜೆ ಅದಲು ಬದಲು. ಮೊದಲು 300 ಕೆಲ್ವಿನ್‌ನಲ್ಲೇ ಇಟ್ಟು 500 ಕಿಲೋಪಾಸ್ಕಲ್‌ವರೆಗೆ ಒತ್ತು, ಆಮೇಲೆ ಬಿಸಿ ಮಾಡು. ಈಗ ಒತ್ತುವಾಗ ಹೋಗುವುದು 13.86, ಬಿಸಿ ಮಾಡುವಾಗ ಬರುವುದು ಹಿಂದಿನಷ್ಟೇ 10.05. ಹೊರಗೆ ಹೋದದ್ದು ಬರೀ 3.81 ಕಿಲೋಜೂಲ್. ಶಾಖ ಅರ್ಧಕ್ಕಿಂತ ಕಡಿಮೆಯಾಯಿತು, ಎಂಟ್ರೊಪಿ ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ತಂಪಿನಲ್ಲಿ ಒತ್ತಿದರೆ ಕಡಿಮೆ ಶಾಖ ಹೊರಹೋಗಿಯೂ ಅಷ್ಟೇ ಎಂಟ್ರೊಪಿ ಇಳಿಯುತ್ತದೆ, ಯಾಕೆಂದರೆ ಎಂಟ್ರೊಪಿ ಪಡೆಯಲು ಶಾಖವನ್ನು ಭಾಗಿಸುವ ತಾಪಮಾನವೂ ಕಡಿಮೆ.

ನಿಜವಾದ ಸಿಲಿಂಡರ್ ಹೀಗೆ ಮೂಲೆ ತಿರುಗುತ್ತ ಹೋಗುವುದಿಲ್ಲ. ವಾಲ್ವ್ ಎರಡೂ ಮುಚ್ಚಿರುವಾಗ ಒಳಗಿನ ಗಾಳಿ ಒಂದೇ ಸಮ ಬಿಸಿಯಾಗುತ್ತಲೂ ಶಾಖ ಬಿಡುತ್ತಲೂ ಹೋಗುತ್ತದೆ. ಅದನ್ನು PVⁿ ಬದಲಾಗದೆ ಉಳಿಯುವ ಪಾಲಿಟ್ರೋಪಿಕ್ ದಾರಿ ಎಂದು ಹಿಡಿದರೆ ನಮ್ಮ ಎರಡು ತುದಿಗಳಿಗೆ ಹೊಂದುವ ಘಾತ n 1.218 ಬರುತ್ತದೆ. ಆಗ ಪಿಸ್ಟನ್ ಗಾಳಿಯ ಮೇಲೆ ಮಾಡುವ ಕೆಲಸ 13.19 ಕಿಲೋಜೂಲ್, ಗಾಳಿಯ ಒಳಶಕ್ತಿ ಏರುವುದು 7.18, ಉಳಿದ 6.0 ಕಿಲೋಜೂಲ್ ಗೋಡೆಯ ಮೂಲಕ ಹೊರಗೆ.

ಈ 6.0 ಸಿಕ್ಕ ಮೇಲೆ ಎರಡನೆಯ ನಿಯಮದ ತಪಾಸಣೆ ಮಾಡಬಹುದು. ಸಿಲಿಂಡರಿನ ಎಂಟ್ರೊಪಿ ಇಳಿದದ್ದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಸುತ್ತಲಿನ ಗಾಳಿ 300 ಕೆಲ್ವಿನ್‌ನಲ್ಲಿದ್ದರೆ ಅದು ಪಡೆದದ್ದು 6000 ಭಾಗಿಸು 300, ಅಂದರೆ ಕೆಲ್ವಿನ್‌ಗೆ 20 ಜೂಲ್. ಒಳಗೆ ಇಳಿದದ್ದು 17.28. ಒಟ್ಟಾರೆ 2.7ರಷ್ಟು ಹೆಚ್ಚಿದೆ, ನಿಯಮ ಉಳಿಯಿತು. ಇಷ್ಟಕ್ಕೂ ಪುಸ್ತಕದ ಈ 27 ಡಿಗ್ರಿ ನಮ್ಮ ಕಡೆ ಬೇಸಿಗೆಯ ಹಗಲಿನಲ್ಲಿ ಸಿಗುವಂಥದ್ದಲ್ಲ. 300 ಕೆಲ್ವಿನ್ ಎಂದು ದುಂಡಗೆ ಬರೆಯಲಿ ಎಂದು ಹಾಕಿದ್ದು. ಮೇ ತಿಂಗಳ 42 ಡಿಗ್ರಿಯ ಶೆಡ್ಡಿಗೆ ಅದೇ 6.0 ಕಿಲೋಜೂಲ್ ಬಿಟ್ಟರೆ ಒಟ್ಟು ಏರಿಕೆ 1.8ಕ್ಕೆ ಇಳಿಯುತ್ತದೆ. ಹೊರಗಡೆ ಸುಮಾರು 74 ಡಿಗ್ರಿ ಇದ್ದರೆ ಸೊನ್ನೆಗೆ ಬರುತ್ತದೆ. ಅದಕ್ಕಿಂತ ಬಿಸಿಯಾದ ಜಾಗಕ್ಕೆ ಈ ಶಾಖವನ್ನು ಈ ದಾರಿಯಲ್ಲಿ ಬಿಡಲಾಗದು. 27 ಡಿಗ್ರಿಯಿಂದ ಹೊರಟ ಗಾಳಿ ಮೊದಲರ್ಧದಲ್ಲಿ ತನಗಿಂತ ಬಿಸಿಯಾದ ಗೋಡೆಗೆ ಶಾಖ ಕೊಡಬೇಕಾಗುತ್ತದೆ, ಅದು ನಡೆಯುವ ಮಾತಲ್ಲ. ಆ ಗಡಿಗೆ ಮುಟ್ಟುವ ಮೊದಲೇ ದಾರಿ ಬದಲಾಗಿ ಕೊನೆಯ ತಾಪಮಾನ 127ಕ್ಕಿಂತ ಮೇಲೆ ಹೋಗಿರುತ್ತದೆ.

ಹುಡುಗರ ಹಾಳೆ ತಿದ್ದುವಾಗ ನಾನು ಮೊದಲು ನೋಡುವುದು ತಾಪಮಾನದ ಅನುಪಾತ. 127ನ್ನು 27ರಿಂದ ಭಾಗಿಸಿದವರಿಗೆ ಉತ್ತರ ಪ್ಲಸ್ 1.09 ಬರುತ್ತದೆ. ಚಿಹ್ನೆಯೇ ತಿರುಗಿ ಹೋಗುವುದರಿಂದ 475ರ ಗಡಿ ನೆನಪಿರುವವನು ತಾನೇ ಹಿಡಿಯುತ್ತಾನೆ. ಕ್ಯಾಲ್ಕುಲೇಟರಿನಲ್ಲಿ `ln` ಬದಲು `log` ಒತ್ತಿದವನ ತಪ್ಪು ಇಷ್ಟು ಸುಲಭಕ್ಕೆ ಕಾಣದು. ಎರಡೂ ಪಾಲು ಒಂದೇ ಪ್ರಮಾಣದಲ್ಲಿ ಕುಗ್ಗಿ ಮೈನಸ್ 0.075 ಬರುತ್ತದೆ, ಚಿಹ್ನೆ ಸರಿಯಾಗೇ ಇರುತ್ತದೆ. ಅದನ್ನು ಹಿಡಿಯಲು ಮೇಲಿನ 6.0 ಕಿಲೋಜೂಲ್ ಬೇಕು. ಶಾಖವನ್ನು 300 ಮತ್ತು 400ರ ನಡುವಿನ ಯಾವುದೋ ತಾಪಮಾನದಿಂದ ಭಾಗಿಸಿದರೆ ಉತ್ತರ 15ರಿಂದ 20 ಜೂಲ್‌ನ ಒಳಗೇ ಬರಬೇಕು. ಏಳೂವರೆ ಬಂದಿದ್ದರೆ ಎಲ್ಲೋ ಬಟನ್ ತಪ್ಪಿದೆ. ಇನ್ನು ಗೇಜಿನ ವಿಷಯ: ಲೆಕ್ಕದ 500 ಕಿಲೋಪಾಸ್ಕಲ್ ಇರುವಾಗ ಟ್ಯಾಂಕಿನ ಗೇಜ್ ತೋರಿಸುವುದು ಸುಮಾರು 4 ಬಾರ್. ಗೇಜಿನ ಅಂಕಿಗೆ ಒಂದು ಬಾರ್ ಕೂಡಿಸಿಯೇ ಅನುಪಾತ ಬರೆಯಬೇಕು.

`cp` ತಾಪಮಾನದ ಜೊತೆ ಬದಲಾಗುತ್ತದಲ್ಲ ಎಂದು ಕೇಳಿದವರಿಗೆ ಗಾಳಿಯ ಟೇಬಲ್ ತೆರೆದು ತೋರಿಸುತ್ತೇನೆ. ಅದರಲ್ಲಿ ಎಂಟ್ರೊಪಿಯ ತಾಪಮಾನದ ಪಾಲು 300 ಕೆಲ್ವಿನ್‌ಗೆ 1.7020, 400ಕ್ಕೆ 1.9919. ವ್ಯತ್ಯಾಸದಲ್ಲಿ ಒತ್ತಡದ ಪಾಲು ಕಳೆದರೆ ಮೈನಸ್ 0.1720. ನಮ್ಮ ಉತ್ತರಕ್ಕೂ ಇದಕ್ಕೂ ಶೇಕಡಾ ಅರ್ಧದಷ್ಟೇ ಅಂತರ. ಸಾವಿರ ಕೆಲ್ವಿನ್ ಹತ್ತಿರದ ಲೆಕ್ಕವಾದರೆ ಟೇಬಲ್ ಬಿಟ್ಟು ಹೋಗಬಾರದು, ಇಲ್ಲಿ ಅದರ ಹಂಗಿಲ್ಲ.

ಕೊನೆಗೆ ಅದೇ ಲೆಕ್ಕದಲ್ಲಿ 127ನ್ನು ಅಳಿಸಿ 227 ಬರೆಯುತ್ತೇನೆ, ಕ್ಯಾಲ್ಕುಲೇಟರ್ ಮುಟ್ಟದೆ ಚಿಹ್ನೆ ಹೇಳಿ ಎನ್ನುತ್ತೇನೆ. 500 ಕೆಲ್ವಿನ್ ಎಂದರೆ 475ರ ಗಡಿ ದಾಟಿತು, ಆದ್ದರಿಂದ ಪ್ಲಸ್. ಲೆಕ್ಕ ಮಾಡಿದರೆ ಕೆಲ್ವಿನ್‌ಗೆ 5.1 ಜೂಲ್. ಹೊರಗಿನಿಂದ ಶಾಖ ಬಂದಿದೆ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಬಂದಿರಬಹುದು. ಬರದೆಯೂ ಇರಬಹುದು: ಉಂಗುರಗಳ ಘರ್ಷಣೆ, ಗಾಳಿಯ ಒಳಗಿನ ಸುಳಿ ಇವೂ ಎಂಟ್ರೊಪಿ ಹುಟ್ಟಿಸುತ್ತವೆ. ಮಿಲ್ಲಿನಲ್ಲಿ ರೆಕ್ಕೆ ಸ್ವಚ್ಛವಾಗಿದ್ದು, ಫ್ಯಾನ್ ತಿರುಗುತ್ತಿದ್ದು, ಆದರೂ ಹೊರಬರುವ ಗಾಳಿ ಆ ಒತ್ತಡದ ಗಡಿಗಿಂತ ಬಿಸಿ ಇದ್ದರೆ ನಾನು ಮೊದಲು ಬಿಚ್ಚುವುದು ಡೆಲಿವರಿ ವಾಲ್ವ್. ಪ್ಲೇಟ್ ಸರಿಯಾಗಿ ಕೂರದಿದ್ದರೆ ಒತ್ತಿದ ಬಿಸಿ ಗಾಳಿ ಸಿಲಿಂಡರಿಗೇ ವಾಪಸ್ ನುಗ್ಗಿ ಮುಂದಿನ ಸ್ಟ್ರೋಕಿನ ಗಾಳಿಯ ಜೊತೆ ಬೆರೆಯುತ್ತದೆ. ಆಗ ಒತ್ತುವಿಕೆ ಶುರುವಾಗುವುದೇ 27ರಿಂದಲ್ಲ, ಅದಕ್ಕಿಂತ ಎಷ್ಟೋ ಮೇಲಿನಿಂದ.